ತಗಡಿನ ಮಡಿಕೆ: ಕನಿಷ್ಠ ಫ್ಲಾಂಜ್ ಉದ್ದ ಮತ್ತು ರಿಲೀಫ್ ಕಚ್ಚಿನ ಅಳತೆ

ತಗಡನ್ನು ಮಡಚಿದಾಗ ಎದ್ದು ನಿಲ್ಲುವ ಅಂಚಿಗೆ ಫ್ಲಾಂಜ್ ಎನ್ನುತ್ತಾರೆ. ಅದನ್ನು ಎಷ್ಟು ಗಿಡ್ಡವಾಗಿ ಮಡಚಬಹುದು ಎಂಬ ಮಿತಿಯೇ ಕನಿಷ್ಠ ಫ್ಲಾಂಜ್ ಉದ್ದ. ಮಡಿಕೆಯು ತಗಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಹೋಗದೆ ನಡುವೆಯೇ ನಿಂತರೆ, ನಿಂತ ಜಾಗದಲ್ಲಿ ಲೋಹ ಹರಿಯದಿರಲೆಂದು ಮೊದಲೇ ಕತ್ತರಿಸಿಡುವ ಸಣ್ಣ ಸೀಳಿಗೆ ರಿಲೀಫ್ ಎಂದು ಹೆಸರು. ಕನ್ನಡದಲ್ಲಿ ಕಚ್ಚು ಎನ್ನಬಹುದು. ಈ ಎರಡೂ ಅಳತೆಗಳನ್ನು ತಗಡಿನ ದಪ್ಪದಿಂದ ಕಂಡುಹಿಡಿಯುವುದು ವಾಡಿಕೆ. ಫ್ಲಾಂಜ್ ದಪ್ಪದ ನಾಲ್ಕು ಪಟ್ಟು, ಕಚ್ಚು ದಪ್ಪದಷ್ಟೇ ಅಗಲ ಎಂಬ ಬಾಯಿಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಲೆಕ್ಕ ತಪ್ಪೇನಲ್ಲ. ಆದರೆ ದಪ್ಪಕ್ಕೂ ಈ ಅಳತೆಗಳಿಗೂ ನಡುವೆ ಒಂದು ಉಪಕರಣ ಕೂತಿದೆ ಎಂಬುದನ್ನು ಅದು ಮುಚ್ಚಿಡುತ್ತದೆ. ಆ ಉಪಕರಣ ಪ್ರೆಸ್ ಬ್ರೇಕಿನ ವಿ-ಡೈ.

ಈ ಲೇಖನ ಪ್ರೆಸ್ ಬ್ರೇಕಿನಲ್ಲಿ ಮಾಡುವ ಏರ್ ಬೆಂಡಿಂಗ್ ಕುರಿತದ್ದು. ಇದರಲ್ಲಿ ತಗಡು ವಿ ಆಕಾರದ ಡೈಯ ಎರಡು ಹೆಗಲುಗಳ ಮೇಲೆ ಮಲಗಿರುತ್ತದೆ; ಮೇಲಿನಿಂದ ಪಂಚ್ ಇಳಿದು ನಡುವನ್ನು ಒತ್ತುತ್ತದೆ. ತಗಡು ಡೈಯ ತಳವನ್ನು ಮುಟ್ಟುವುದಿಲ್ಲ. ಪಂಚಿನ ಮೂತಿ, ಎರಡು ಹೆಗಲು, ಈ ಮೂರೇ ಕಡೆ ಅದಕ್ಕೆ ಆಸರೆ. ಪಂಚ್ ಎಷ್ಟು ಆಳಕ್ಕೆ ಇಳಿಯಿತು ಎಂಬುದರಿಂದ ಕೋನ ನಿರ್ಧಾರವಾಗುತ್ತದೆ.

ದಪ್ಪದಿಂದ ಡೈಗೆ

ಎರಡು ಹೆಗಲುಗಳ ನಡುವಿನ ಬಾಯಿಯ ಅಗಲವನ್ನು V ಎಂದು ಗುರುತಿಸುತ್ತಾರೆ. ಮೆದು ಉಕ್ಕಿನ ತಗಡಿಗೆ V ದಪ್ಪದ ಎಂಟು ಪಟ್ಟು ಇರಬೇಕು ಎಂಬುದು ಈ ಕಸುಬಿನ ಹಳೆಯ ನಿಯಮ. 3 ಮಿ.ಮೀ.ಗಿಂತ ತೆಳುವಾದ ತಗಡಿಗೆ ಆರು ಪಟ್ಟಿಗೂ ಇಳಿಯುವುದುಂಟು, 10–12 ಮಿ.ಮೀ. ದಾಟಿದ ಪ್ಲೇಟಿಗೆ ಹತ್ತು ಪಟ್ಟಿಗೆ ಏರಿಸುತ್ತಾರೆ. ಬಾಯಿ ಕಿರಿದಾದಷ್ಟೂ ಒತ್ತಡ ಹೆಚ್ಚು ಬೇಕು. ಒತ್ತಡವು ದಪ್ಪದ ವರ್ಗಕ್ಕೆ ನೇರವಾಗಿ, V ಅಳತೆಗೆ ವಿಲೋಮವಾಗಿ ಬದಲಾಗುತ್ತದೆ. 2 ಮಿ.ಮೀ. ಮೆದು ಉಕ್ಕಿನ ತಗಡನ್ನು 16 ಮಿ.ಮೀ. ಡೈಯಲ್ಲಿ ಮಡಚಲು ಮೀಟರಿಗೆ ಸುಮಾರು 16 ಟನ್ ಬೇಕಾದರೆ, 10 ಮಿ.ಮೀ. ಡೈಯಲ್ಲಿ ಅದೇ ಕೆಲಸಕ್ಕೆ ಸುಮಾರು 26 ಟನ್ ಬೇಕು.

ಡೈಗಳು ಬೇಕಾದ ಅಗಲದಲ್ಲೆಲ್ಲ ಸಿಗುವುದಿಲ್ಲ. 6, 8, 10, 12, 16, 20, 25, 32 ಎಂಬಂತೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಹಾಗಾಗಿ ಎಂಟರಿಂದ ಗುಣಿಸಿ ಬಂದದ್ದನ್ನು ಹತ್ತಿರದ ಮೆಟ್ಟಿಲಿಗೆ ಕೂಡಿಸಿಕೊಳ್ಳಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಇನ್ನೊಂದು ತೊಡಕಿದೆ: ದಪ್ಪವನ್ನು ಇವತ್ತಿಗೂ ಗೇಜಿನಲ್ಲಿ ಹೇಳುತ್ತಾರೆ. 14 ಗೇಜ್ ಎಂದರೆ ಸುಮಾರು 2 ಮಿ.ಮೀ., 16 ಎಂದರೆ 1.6, 18 ಎಂದರೆ 1.2. ಗೇಜ್ ಹೆಚ್ಚಾದಂತೆ ತಗಡು ತೆಳುವಾಗುತ್ತದೆ ಎಂಬುದು ಹೊಸಬರನ್ನು ಒಮ್ಮೆಯಾದರೂ ಎಡವಿಸುತ್ತದೆ. ಲೆಕ್ಕಕ್ಕೆ ಕೂರುವ ಮುನ್ನ ಮೈಕ್ರೋಮೀಟರಿನಿಂದ ತಗಡನ್ನೇ ಅಳೆದುಕೊಳ್ಳುವುದು ಒಳ್ಳೆಯದು.

ಡೈ ಗೊತ್ತಾದರೆ ಮಡಿಕೆಯ ಒಳತ್ರಿಜ್ಯವೂ ಗೊತ್ತಾದಂತೆ. ಏರ್ ಬೆಂಡಿಂಗಿನಲ್ಲಿ ಒಳತ್ರಿಜ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಡೈಯ ಬಾಯಿ; ಪಂಚಿನ ಮೂತಿ ಅದಕ್ಕಿಂತ ಚಿಕ್ಕದಿರುವವರೆಗೂ ತಗಡು ತನ್ನದೇ ಬಾಗು ತೆಗೆದುಕೊಳ್ಳುತ್ತದೆ. ಮೆದು ಉಕ್ಕಿನಲ್ಲಿ ಅದು V ಅಳತೆಯ ಸುಮಾರು 16 ಶೇಕಡಾ. 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನಲ್ಲಿ 20–22 ಶೇಕಡಾ, 5052 ಅಲ್ಯೂಮಿನಿಯಂನಲ್ಲಿ 13–15 ಶೇಕಡಾ. ನಕ್ಷೆ ಬರೆಯುವವರು ಒಳತ್ರಿಜ್ಯ 1 ಮಿ.ಮೀ. ಎಂದು ತಮ್ಮಿಷ್ಟಕ್ಕೆ ಬರೆದ ಮಾತ್ರಕ್ಕೆ ತಗಡು ಕೇಳುವುದಿಲ್ಲ.

ಫ್ಲಾಂಜ್ ಎಷ್ಟು ಗಿಡ್ಡ ಇರಬಹುದು

90 ಡಿಗ್ರಿಗೆ ಮಡಚಿದಾಗ ತಗಡಿನ ಎರಡೂ ಕಾಲುಗಳು ನಡುಗೆರೆಯಿಂದ 45 ಡಿಗ್ರಿ ಓರೆಯಾಗಿ ಮೇಲೆದ್ದಿರುತ್ತವೆ. ಪ್ರತಿ ಕಾಲಿನ ಹೊರಮೈ ತನ್ನ ಕಡೆಯ ಹೆಗಲಿನ ಮೇಲೆ ಒರಗಿದೆ. ಹೆಗಲು ನಡುಗೆರೆಯಿಂದ V ಅಳತೆಯ ಅರ್ಧದಷ್ಟು ದೂರ. ಎರಡು ಹೊರಮೈಗಳನ್ನು ಕೆಳಕ್ಕೆ ಎಳೆದರೆ ಸೇರುವ ಬಿಂದುವಿನಿಂದ ಹೆಗಲಿನವರೆಗಿನ ಓರೆ ದೂರ ಎಷ್ಟು? V/2 ಬದಿಗಳಿರುವ ಸಮದ್ವಿಬಾಹು ಲಂಬಕೋನ ತ್ರಿಭುಜದ ಕರ್ಣದಷ್ಟು. ಅಂದರೆ:

```
L = 0.707 × V
```

ಇಲ್ಲಿ L ಎಂಬುದು ಫ್ಲಾಂಜಿನ ಹೊರ ಅಳತೆ, ಅಂದರೆ ಎದುರು ಹೊರಮೈಯಿಂದ ಫ್ಲಾಂಜಿನ ತುದಿಯವರೆಗೆ. ಫ್ಲಾಂಜ್ ಇದಕ್ಕಿಂತ ಗಿಡ್ಡವಾದರೆ ಮಡಿಕೆ ಮುಗಿಯುವ ಮೊದಲೇ ಅದರ ತುದಿ ಹೆಗಲಿನಿಂದ ಜಾರಿ ಡೈಯೊಳಗೆ ಬೀಳುತ್ತದೆ. ಪ್ರೆಸ್ ಬ್ರೇಕಿನ ಮೈಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಇದೇ ಅಳತೆ ಸಾಮಾನ್ಯವಾಗಿ b ಎಂಬ ಅಕ್ಷರದ ಸಾಲಿನಲ್ಲಿರುತ್ತದೆ, 16 ಮಿ.ಮೀ. ಡೈಯ ಎದುರಿಗೆ 11 ಎಂದು ದುಂಡಾಗಿಸಿ ಬರೆದಿರುತ್ತಾರೆ. ಮೆದು ಉಕ್ಕಿಗೆ ಎಂಟು ಪಟ್ಟಿನ ನಿಯಮದಂತೆ ಲೆಕ್ಕ ಹೀಗೆ ಬರುತ್ತದೆ (ಎಲ್ಲವೂ ಮಿ.ಮೀ.ಗಳಲ್ಲಿ):

| ದಪ್ಪ | ಡೈ V | ಒಳತ್ರಿಜ್ಯ | ಕನಿಷ್ಠ ಫ್ಲಾಂಜ್ |
|---|---|---|---|
| 1.0 | 8 | 1.3 | 5.7 |
| 1.2 | 10 | 1.6 | 7.1 |
| 1.6 | 12 | 1.9 | 8.5 |
| 2.0 | 16 | 2.6 | 11.3 |
| 3.0 | 25 | 4.0 | 17.7 |

ಈಗ ನಾಲ್ಕು ಪಟ್ಟಿನ ಬಾಯಿಲೆಕ್ಕದ ಗುಟ್ಟು ಬಯಲಾಗುತ್ತದೆ. V ಆರು ಪಟ್ಟು ಇದ್ದರೆ 0.707 × 6, ಅಂದರೆ ದಪ್ಪದ 4.2 ಪಟ್ಟು. V ಎಂಟು ಪಟ್ಟು ಇದ್ದರೆ 5.7 ಪಟ್ಟು. ನಾಲ್ಕು ಪಟ್ಟು ಎನ್ನುವವರು ಕಿರಿದಾದ ಡೈ ಇದೆಯೆಂದು ಒಳಗೊಳಗೇ ನಂಬಿಕೊಂಡಿದ್ದಾರೆ. ಆ ಡೈ ಇರುವ ಅಂಗಡಿಯಲ್ಲೂ ಅವರ ಲೆಕ್ಕ ಕೂದಲೆಳೆಯಷ್ಟು ಕಡಿಮೆಯೇ. ಅದೇ ನಕ್ಷೆ ಎಂಟು ಪಟ್ಟಿನ ಡೈ ಇಟ್ಟುಕೊಂಡ ಅಂಗಡಿಗೆ ಹೋದರೆ ಫ್ಲಾಂಜ್ ಸಾಲುವುದಿಲ್ಲ.

ಪಟ್ಟಿಯ ಅಂಕಿ ಅಂಚಿನಂಚಿನ ಅಂಕಿ. ಹೆಗಲು ಚೂಪಾಗಿರುವುದಿಲ್ಲ, ಸವೆದು ದುಂಡಾಗಿರುತ್ತದೆ. ತಗಡು ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುವುದರಿಂದ ಅದನ್ನು 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಡಚಬೇಕು. ಸ್ಟೇನ್‌ಲೆಸ್ ತಗಡನ್ನು ಕಾಲುಗಳ ನಡುವೆ 86 ಡಿಗ್ರಿ ಉಳಿಯುವವರೆಗೆ ಒತ್ತಿದರೆ 16 ಮಿ.ಮೀ. ಡೈಯಲ್ಲಿ 11.3 ಎಂಬುದು 11.7 ಆಗುತ್ತದೆ. ಅದಕ್ಕೇ ಪಟ್ಟಿಯ ಮೇಲೆ ಅರ್ಧ ದಪ್ಪವನ್ನೋ ಒಂದು ಮಿ.ಮೀ.ಯನ್ನೋ ಸೇರಿಸಿ ನಕ್ಷೆ ಬರೆಯುವುದು ಕ್ಷೇಮ. ಕೋನ ಇನ್ನೂ ಚೂಪಾದರೆ ಮಿತಿ ಬೇಗ ಏರುತ್ತದೆ: ಎರಡು ಕಾಲುಗಳ ನಡುವೆ 60 ಡಿಗ್ರಿ ಉಳಿಯುವಂತೆ ಮಡಚಲು, ಹೊರಮೈಗಳು ಸೇರುವ ಬಿಂದುವಿನಿಂದ ಅಳೆದರೆ, V ಅಳತೆಯಷ್ಟೇ ಉದ್ದ ಬೇಕು.

ಫ್ಲಾಂಜ್ ಗಿಡ್ಡವಾಗಿತ್ತು ಎಂಬುದನ್ನು ಮಡಚಿದ ತುಂಡೇ ಹೇಳುತ್ತದೆ. ಹೊರಮೈಯಲ್ಲಿ, ತುದಿಗೆ ತಾಗಿಕೊಂಡಂತೆ, ಹೆಗಲು ಕೊರೆದ ಆಳದ ಗೀರು ಕಾಣುತ್ತದೆ. ಒಂದು ಕೊನೆ ಮೊದಲು ಜಾರಿ ಇನ್ನೊಂದು ಆಮೇಲೆ ಜಾರಿದ್ದರೆ ಫ್ಲಾಂಜಿನ ಎತ್ತರ ಎರಡು ಕೊನೆಗಳಲ್ಲಿ ಬೇರೆ ಬೇರೆ ಇರುತ್ತದೆ. ಕೋನ ಮಾಪಕ ಇಟ್ಟರೆ ಉದ್ದಕ್ಕೂ ಒಂದೇ ಕೋನ ಸಿಗುವುದಿಲ್ಲ. ಇಂಥ ತುಂಡನ್ನು ಕಂಡ ಕೂಡಲೇ ಬ್ಯಾಕ್‌ಗೇಜ್ ಸರಿಯಿಲ್ಲ ಎಂದು ಯಂತ್ರವನ್ನು ಬೈಯುವುದು ಸಾಮಾನ್ಯ. ಬ್ಯಾಕ್‌ಗೇಜಿನ ತಪ್ಪಾದರೆ ಎಲ್ಲ ತುಂಡುಗಳೂ ಒಂದೇ ರೀತಿ ಸೊಟ್ಟಗಾಗುತ್ತವೆ. ಜಾರಿದ ತುಂಡುಗಳು ಒಂದೊಂದೂ ಒಂದೊಂದು ರೀತಿ. ಅಪಾಯವೂ ಇಲ್ಲದಿಲ್ಲ: ಒತ್ತಡದಲ್ಲಿರುವ ತಗಡು ಹೆಗಲಿನಿಂದ ತಪ್ಪಿದಾಗ ಕೈಯಲ್ಲಿ ಹಿಡಿದ ಭಾಗ ತಟ್ಟನೆ ಹೊಡೆಯುತ್ತದೆ.

ರಿಲೀಫ್ ಕಚ್ಚು: ಆಳ ಮತ್ತು ಅಗಲ

ಒಂದು ತಗಡಿನ ಅಂಚಿನಲ್ಲಿ ನಡುವಿನ ಭಾಗ ಮಾತ್ರ ಮೇಲಕ್ಕೆ ಮಡಚಬೇಕು, ಅದರ ಅಕ್ಕಪಕ್ಕದ ಕಿವಿಗಳು ಚಪ್ಪಟೆಯಾಗೇ ಉಳಿಯಬೇಕು ಎಂದಿಟ್ಟುಕೊಳ್ಳಿ. ಕಿವಿಗಳ ಅಂಚು ಫ್ಲಾಂಜಿನ ಹೊರಮೈಯೊಂದಿಗೆ ಸಮವಾಗಿದೆ. ಬಾಗು ಶುರುವಾಗುವುದು ಆ ಹೊರಮೈಯಲ್ಲಿ ಅಲ್ಲ, ಅದರಿಂದ ಒಳಗೆ. ಎಷ್ಟು ಒಳಗೆ? ಫ್ಲಾಂಜಿನ ದಪ್ಪ ಒಂದು, ಅದರಾಚೆ ಒಳತ್ರಿಜ್ಯ ಒಂದು, ಎರಡೂ ಸೇರಿದಷ್ಟು. ಅಲ್ಲಿಂದ ಹೊರಗಿರುವ ಲೋಹವೆಲ್ಲ ಬಾಗಬೇಕಾದದ್ದು, ಕಿವಿಯಲ್ಲಿರುವ ಲೋಹವೋ ಅಲ್ಲಾಡಬಾರದ್ದು. ಎರಡೂ ಅಂಟಿಕೊಂಡಿದ್ದರೆ ನಡುವೆ ಹರಿಯದೆ ವಿಧಿಯಿಲ್ಲ. ಹಾಗಾಗಿ ಕಿವಿಯ ಅಂಚಿನಿಂದ ಅಳೆದ ಕಚ್ಚಿನ ಆಳ ಬಾಗಿನ ಶುರುವನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋಗಬೇಕು. ಒಳತ್ರಿಜ್ಯ R, ದಪ್ಪ t ಆದರೆ:

```
D = R + t + 0.5 mm
```

ಕೊನೆಯ ಅರ್ಧ ಮಿ.ಮೀ. ಬದಲು ಅರ್ಧ ದಪ್ಪ ಸೇರಿಸುವವರೂ ಇದ್ದಾರೆ. ದಪ್ಪ ತಗಡಿಗೆ ಅದೇ ಸರಿ. ಸೂತ್ರ ಕಿವಿಯ ಅಂಚು ಹೊರಮೈಗೆ ಸಮವಾಗಿರುವಾಗಿನದು. ಕಿವಿಯ ಅಂಚನ್ನೇ R + t ಗಿಂತ ಒಳಕ್ಕೆ ಎಳೆದುಕೊಂಡರೆ ಕಚ್ಚಿನ ಅಗತ್ಯವೇ ಇಲ್ಲ. ಎಷ್ಟೋ ನಕ್ಷೆಗಳಲ್ಲಿ ಕಿವಿ ಅಷ್ಟು ಮುಂದೆ ಬರಬೇಕಾದ ಕಾರಣವೇ ಇರುವುದಿಲ್ಲ. ಒಳಕ್ಕೆ ಎಳೆದರೆ ಎರಡು ಕಚ್ಚುಗಳ ಕೆಲಸ ತಪ್ಪುತ್ತದೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಕನಿಷ್ಠ ಫ್ಲಾಂಜ್ ಬರೀ ಜ್ಯಾಮಿತಿ; ಡೈ ಒಂದೇ ಆದರೆ ಉಕ್ಕಿಗೂ ಅಲ್ಯೂಮಿನಿಯಂಗೂ ಹೆಚ್ಚುಕಡಿಮೆ ಒಂದೇ. ಕಚ್ಚಿನ ಆಳ ಹಾಗಲ್ಲ, ಅದರಲ್ಲಿ ಒಳತ್ರಿಜ್ಯ ಸೇರಿದೆ, ಒಳತ್ರಿಜ್ಯ ಲೋಹಕ್ಕೆ ತಕ್ಕಂತೆ ಬದಲಾಗುತ್ತದೆ. 2 ಮಿ.ಮೀ. ತಗಡು, 16 ಮಿ.ಮೀ. ಡೈ: ಮೆದು ಉಕ್ಕಿಗೆ 5.1 ಮಿ.ಮೀ. ಆಳ ಸಾಕು, ಸ್ಟೇನ್‌ಲೆಸ್‌ಗೆ ಸುಮಾರು 6 ಬೇಕು.

ಅಗಲದ ವಿಷಯಕ್ಕೆ ಬಂದರೆ, ದಪ್ಪಕ್ಕಿಂತ ಕಡಿಮೆ ಬೇಡ, ಒಂದೂವರೆ ಪಟ್ಟು ಇದ್ದರೆ ನೆಮ್ಮದಿ. ಲೇಸರಿನ ಸೀಳು ಕೂದಲಿನಷ್ಟು ಸಣ್ಣದಾಗಿಯೂ ಬರುತ್ತದಲ್ಲ, ಇಷ್ಟು ಅಗಲ ಏಕೆ ಎಂದು ಕೇಳಬಹುದು. ಮಡಚುವಾಗ ಒಳಮೈಯ ಲೋಹ ಹಿಂಡಿಕೊಂಡು ಮಡಿಕೆಯ ಕೊನೆಗಳಲ್ಲಿ ಪಕ್ಕಕ್ಕೆ ಉಬ್ಬುತ್ತದೆ. ಮಡಿಕೆಯ ಕೊನೆಯನ್ನು ಬೆರಳಿನಿಂದ ಸವರಿದರೆ ಆ ಉಬ್ಬು ಕೈಗೆ ಸಿಗುತ್ತದೆ. ಸೀಳು ತೀರ ಸಣ್ಣದಾದರೆ ಉಬ್ಬು ಕಿವಿಯ ಬದಿಗೆ ಉಜ್ಜಿ ಕೋನ ಕೆಡುತ್ತದೆ, ಪೌಡರ್ ಕೋಟಿಂಗ್ ಆ ಸಂದಿಯೊಳಗೆ ಹೋಗುವುದೂ ಇಲ್ಲ. ಟರೆಟ್ ಪಂಚ್ ಯಂತ್ರದಲ್ಲಿ ಕಚ್ಚು ಹೊಡೆಯುವ ಅಂಗಡಿಗೆ ಇನ್ನೊಂದು ಕಾರಣವಿದೆ: ತಗಡಿನ ದಪ್ಪಕ್ಕಿಂತ ತೆಳುವಾದ ಪಂಚ್ ಮುರಿಯುತ್ತದೆ.

ಕಚ್ಚಿನ ತುದಿ ಚೌಕವಾಗಿರಬಹುದು, ದುಂಡಾಗಿರಬಹುದು. ಗೋಡೆಗೆ ಹೊಡೆದು ಮರೆತುಬಿಡುವ ಬ್ರಾಕೆಟಿಗೆ ಚೌಕ ಸಾಕು. ಜನರೇಟರಿನ ಮುಚ್ಚಳದಂತೆ ದಿನವಿಡೀ ನಡುಗುವ ಭಾಗಕ್ಕೆ ದುಂಡು ತುದಿಯೇ ಬೇಕು, ಯಾಕೆಂದರೆ ಚೌಕದ ಮೂಲೆಯಿಂದ ಬಿರುಕು ಹೊರಡುತ್ತದೆ. ಏನನ್ನೂ ತೆಗೆಯದೆ ಬರೀ ಸೀಳಿ ಬಿಡುವ ಪದ್ಧತಿಯೂ ಉಂಟು. ತೆಳುವಾದ ಮೆದು ತಗಡಿನಾಚೆ ಅದನ್ನು ನೆಚ್ಚಿಕೊಳ್ಳಬಾರದು.

ಒಂದು ಬ್ರಾಕೆಟ್

ವಿದ್ಯುತ್ ಪ್ಯಾನೆಲುಗಳಲ್ಲಿ ಬಳಸುವಂಥ ಒಂದು ಬ್ರಾಕೆಟನ್ನು ತೆಗೆದುಕೊಳ್ಳೋಣ. 2 ಮಿ.ಮೀ. ಸಿಆರ್‌ಸಿಎ ತಗಡು, ಅಂದರೆ ತಣ್ಣಗೆ ಉರುಳಿಸಿ ಹದ ಮಾಡಿದ ಮೆದು ಉಕ್ಕು. ತಳ 80 ಮಿ.ಮೀ. ಅಗಲ, 50 ಆಳ. ಮುಂದಿನ ಅಂಚಿನಲ್ಲಿ ನಡುವಿನ 50 ಮಿ.ಮೀ. ಮೇಲಕ್ಕೆ ಮಡಚಬೇಕು, ಎರಡೂ ಪಕ್ಕ 15 ಮಿ.ಮೀ. ಕಿವಿಗಳು, ಅಂಚು ಫ್ಲಾಂಜಿನ ಹೊರಮೈಗೆ ಸಮ. ನಾಲ್ಕು ಪಟ್ಟಿನ ಲೆಕ್ಕ ಹಿಡಿದು ನಕ್ಷೆಯಲ್ಲಿ ಫ್ಲಾಂಜ್ 8 ಮಿ.ಮೀ. ಎಂದು ಬರೆದಿದೆ. ಸಾಫ್ಟ್‌ವೇರಿನಲ್ಲಿ ಒಳತ್ರಿಜ್ಯ 1 ಮಿ.ಮೀ. ಎಂದು ಇಟ್ಟಿದೆ.

ಅಂಗಡಿಯಲ್ಲಿ ಈ ದಪ್ಪಕ್ಕೆ 16 ಮಿ.ಮೀ. ಡೈ ಹಾಕುತ್ತಾರೆ. ಬೇಕಾದದ್ದು 11.3, ಇರುವುದು 8. ಆಗದು. 12 ಮಿ.ಮೀ. ಡೈಗೆ ಇಳಿದರೆ 8.5 ಬೇಕು, ಅದೂ ಆಗದು. 10 ಮಿ.ಮೀ. ಡೈಯಲ್ಲಿ 7.1 ಸಾಕು, ಹೆಚ್ಚುಕಡಿಮೆ ಒಂದು ಮಿ.ಮೀ. ಉಳಿಯುತ್ತದೆ. 50 ಮಿ.ಮೀ. ಉದ್ದಕ್ಕೆ ಒತ್ತಡ ಸುಮಾರು 1.3 ಟನ್, ಯಂತ್ರಕ್ಕೆ ಏನೇನೂ ಅಲ್ಲ. ಒಳತ್ರಿಜ್ಯ 1.6 ಆಗುತ್ತದೆ, ಮೆದು ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಆದರೆ ಹೊರಮೈಯಲ್ಲಿ ಹೆಗಲಿನ ಗುರುತು ಎದ್ದು ಕಾಣುತ್ತದೆ, ದಪ್ಪಕ್ಕೆ ತಕ್ಕ ಡೈ ಬಿಟ್ಟು ಇದೊಂದಕ್ಕಾಗಿ ಉಪಕರಣ ಬದಲಿಸಬೇಕಾಗುತ್ತದೆ. ಫ್ಲಾಂಜಿಗೆ 8 ಮಿ.ಮೀ.ಯೇ ಏಕೆ ಎಂದು ಕೇಳಿದರೆ ಹೆಚ್ಚಿನ ವೇಳೆ ಉತ್ತರ ಇರುವುದಿಲ್ಲ. ಅದನ್ನು 12 ಮಾಡಿದರೆ 16 ಮಿ.ಮೀ. ಡೈಯಲ್ಲೇ ಕೆಲಸ ಮುಗಿಯುತ್ತದೆ. ನಾವು 12 ಎಂದೇ ಮುಂದುವರಿಯೋಣ.

ಈಗ ಕಚ್ಚು. ಸಾಲಿಡ್‌ವರ್ಕ್ಸ್‌ನಂಥ ಸಾಫ್ಟ್‌ವೇರ್ ರಿಲೀಫನ್ನು ತಾನೇ ಹಾಕುತ್ತದೆ. ಅಲ್ಲಿ Relief Ratio ಎಂಬ ಜಾಗದಲ್ಲಿ ಸಾಮಾನ್ಯವಾಗಿ 0.5 ಇರುತ್ತದೆ: ದಪ್ಪದ ಅರ್ಧದಷ್ಟು ಅಗಲ, ಬಾಗಿನ ಪ್ರದೇಶವನ್ನು ದಾಟಿ ದಪ್ಪದ ಅರ್ಧದಷ್ಟು ಆಳ ಎಂದು ಅರ್ಥ. ನಮ್ಮ ತುಂಡಿಗೆ ಅಗಲ 1 ಮಿ.ಮೀ. ಬಂತು, ಸಾಲದು, 3 ಮಾಡಬೇಕು. ಆಳ ಎಷ್ಟು ಬಂತು? ಸಾಫ್ಟ್‌ವೇರಿನ ಲೆಕ್ಕದಲ್ಲಿ ಒಳತ್ರಿಜ್ಯ 1, ದಪ್ಪ 2, ಮೇಲೊಂದು 1. ಒಟ್ಟು 4 ಮಿ.ಮೀ. ಆದರೆ ಡೈ ಕೊಡುವ ಒಳತ್ರಿಜ್ಯ 2.6. ತಳದ 50 ಮಿ.ಮೀ. ಅಳತೆಯನ್ನು ಉಳಿಸಿಕೊಂಡು ಮಡಚಿದರೆ ಬಾಗು ಕಿವಿಯ ಅಂಚಿನಿಂದ 4.6 ಮಿ.ಮೀ. ಒಳಗೆ ಶುರುವಾಗುತ್ತದೆ. ಕಚ್ಚು ಅದಕ್ಕೆ 0.6 ಮಿ.ಮೀ. ಮೊದಲೇ ನಿಂತುಹೋಗಿದೆ. ಪರದೆಯ ಮೇಲೆ ಕಚ್ಚು ಕಾಣುತ್ತಿದೆ, ತಗಡಿನಲ್ಲೂ ಕಾಣುತ್ತಿದೆ, ಆದರೂ ಮೂಲೆ ಹರಿಯುತ್ತದೆ. ಹೀಗೆ ಹರಿದದ್ದನ್ನು ಕಂಡವರು ತಗಡಿನ ಗುಣಮಟ್ಟವನ್ನು ದೂರಿ ಸರಕು ಬದಲಿಸಲು ಹೋಗುವುದುಂಟು.

ಸರಿಪಡಿಸುವ ಬಗೆ: ಸಾಫ್ಟ್‌ವೇರಿನಲ್ಲಿ ಒಳತ್ರಿಜ್ಯ 2.6 ಎಂದು ತಿದ್ದಬೇಕು. ಕೆ-ಫ್ಯಾಕ್ಟರ್ 0.42 ಎಂದಿಟ್ಟುಕೊಂಡರೆ ಬಾಗಿನ ಪ್ರದೇಶದ ಚಪ್ಪಟೆ ಅಗಲ 5.4 ಮಿ.ಮೀ., ಹೊರ ಅಳತೆಗಳ ಮೊತ್ತದಿಂದ ಕಳೆಯಬೇಕಾದದ್ದು 3.8. ಚಪ್ಪಟೆ ತುಂಡಿನ ಉದ್ದ 50 + 12 − 3.8, ಅಂದರೆ 58.2 ಮಿ.ಮೀ. ಮಡಿಕೆಯ ಗೆರೆ ಹಿಂದಿನ ಅಂಚಿನಿಂದ 48.1ರಲ್ಲಿ. ಬಾಗು ಅದರಿಂದ 2.7 ಹಿಂದೆ, 45.4ರಲ್ಲಿ ಶುರು. ಕಚ್ಚಿನ ಆಳವನ್ನು ಅರ್ಧ ದಪ್ಪದ ಲೆಕ್ಕದಲ್ಲಿ 5.6 ಇಟ್ಟರೆ ಅದರ ತುದಿ 44.4ರಲ್ಲಿ ನಿಲ್ಲುತ್ತದೆ, ಬಾಗಿಗಿಂತ ಒಂದು ಮಿ.ಮೀ. ಆಚೆ. ಒಂದು ವೇಳೆ 8 ಮಿ.ಮೀ. ಫ್ಲಾಂಜನ್ನೇ ಹಟ ಹಿಡಿದು 10 ಮಿ.ಮೀ. ಡೈ ಹಾಕಿದ್ದರೆ ಕಳೆಯಬೇಕಾದದ್ದು 3.4, ಕಚ್ಚಿನ ಆಳ 4.6 ಆಗುತ್ತಿತ್ತು. ಡೈ ಬದಲಾದರೆ ಲೇಸರಿಗೆ ಕಳಿಸುವ ಚಪ್ಪಟೆ ನಕ್ಷೆಯನ್ನೇ ಬದಲಿಸಬೇಕು ಎಂಬುದು ಈ ಕಾರಣಕ್ಕೆ.

ಮಡಚುವವರಿಗೆ ತಿಳಿದಿರಬೇಕಾದ್ದು ಇನ್ನೊಂದಿದೆ. ಕಿವಿಗಳು ಮಡಿಕೆಯ ಗೆರೆಯನ್ನು 1.9 ಮಿ.ಮೀ. ದಾಟಿ ಮುಂದೆ ಬಂದಿವೆ. ಉದ್ದನೆಯ ಪಂಚ್ ಹಾಕಿದರೆ ಅದು ಕಿವಿಗಳನ್ನೂ ಒತ್ತಿ ಬಾಗಿಸುತ್ತದೆ. ಆದ್ದರಿಂದ ಫ್ಲಾಂಜಿನಷ್ಟೇ, 50 ಮಿ.ಮೀ. ಉದ್ದದ ಪಂಚ್ ತುಂಡನ್ನು ಕಚ್ಚುಗಳ ನಡುವೆ ಕೂರಿಸಬೇಕು. ಎರಡೂ ಪಕ್ಕ 3 ಮಿ.ಮೀ. ಕಚ್ಚು ಇದ್ದರೆ ಪಂಚ್ ಒಂದಿಷ್ಟು ಆಚೀಚೆ ಸರಿದರೂ ಕಿವಿಗೆ ತಾಗದು.

ಮೊದಲ ತುಂಡು ಹೊರಬಂದಾಗ ನೋಡಬೇಕಾದ ಜಾಗ ಕಚ್ಚಿನ ತುದಿಯೇ. ಅಲ್ಲಿ ಬಿಳಿಚಿದ ಗೆರೆಯೋ ಸಣ್ಣ ಬಿರುಕೋ ಕಂಡರೆ ಆಳ ಸಾಲದು. ಹರಿಯದೆ ಬರೀ ಹಿಗ್ಗಿದ್ದರೆ ಕಣ್ಣಿಗೆ ಕಾಣದು. ಆಗ ಕಿವಿಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿಯಬೇಕು. ಮೂಲೆಯ ಬಳಿ ಬೆಳಕು ನುಸುಳಿದರೆ ಕಿವಿ ಬಾಗಿನೊಂದಿಗೆ ಎಳೆಸಿಕೊಂಡಿದೆ ಎಂದರ್ಥ.

ಗಿಡ್ಡ ಫ್ಲಾಂಜ್ ಬೇಕೇ ಬೇಕಾದಾಗ

ಜಾಗವಿಲ್ಲದ ಕಡೆ ಮಿತಿಗಿಂತ ಗಿಡ್ಡ ಫ್ಲಾಂಜನ್ನು ಪಡೆಯುವ ದಾರಿಗಳುಂಟು. ಉದ್ದವಾಗಿಯೇ ಮಡಚಿ ಆಮೇಲೆ ಹೆಚ್ಚಿನದನ್ನು ಕತ್ತರಿಸಬಹುದು. ಒಂದು ಕೆಲಸ ಹೆಚ್ಚು, ಆದರೆ ನಂಬಬಹುದಾದದ್ದು. ಮಡಿಕೆಯ ಗೆರೆಯುದ್ದಕ್ಕೂ ಲೇಸರಿನಿಂದ ಬಿಡಿಬಿಡಿ ಸೀಳು ಹಾಕಿ ಲೋಹವನ್ನು ದುರ್ಬಲಗೊಳಿಸಿದರೆ ಕಡಿಮೆ ಬಲಕ್ಕೆ ಬಾಗುತ್ತದೆ, ಹಾಗಾಗಿ ಕಿರಿದಾದ ಡೈ ಹಾಕಬಹುದು; ಭಾರ ಹೊರುವ ಭಾಗಕ್ಕೆ ಮಾತ್ರ ಅದು ಸಲ್ಲದು. ಹೆಗಲುಗಳೇ ತಗಡಿನೊಂದಿಗೆ ತಿರುಗುವಂತೆ ಮಾಡಿದ ಡೈಗಳಿವೆ. ಅವುಗಳಲ್ಲಿ ಫ್ಲಾಂಜಿನ ಹೊರಮೈಗೆ ಕೊನೆಯವರೆಗೂ ಅಗಲವಾದ ಆಸರೆ ಸಿಗುವುದರಿಂದ ಜಾರುವ ಭಯ ಕಡಿಮೆ, ಗೀರೂ ಬೀಳುವುದಿಲ್ಲ. ತಗಡನ್ನು ಬಿಗಿಹಿಡಿದು ಅಂಚನ್ನು ಮಾತ್ರ ಎತ್ತಿ ಮಡಚುವ ಫೋಲ್ಡಿಂಗ್ ಯಂತ್ರದಲ್ಲಿ ವಿ-ಡೈಯೇ ಇಲ್ಲ. ಅಲ್ಲಿ 0.707 × V ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಯಂತ್ರದ ಕೈಪಿಡಿ ಕೊಡುವ ಅಳತೆಯೇ ಮಿತಿ. ಕಚ್ಚಿನ ಸೂತ್ರ ಮಾತ್ರ ಅಲ್ಲಿಯೂ ಅದೇ, ಆ ಯಂತ್ರ ಕೊಡುವ ಒಳತ್ರಿಜ್ಯವನ್ನು ಅದರಲ್ಲಿ ಹಾಕಿಕೊಂಡರೆ ಆಯಿತು.